ಗುಡ್ಡದ ನೆತ್ತಿಯಿಂದ ಅಳಿವೆಯವರೆಗೆ: ಹೊಳೆಗಲ್ಲಿನ ಪಯಣವನ್ನು ಮಕ್ಕಳ ಕತೆಯಾಗಿಸುವ ಸಮಗ್ರ ಮಾರ್ಗದರ್ಶಿ

ಬೆಟ್ಟದ ತುದಿಯ ಕಲ್ಲೊಂದು ಹೊಳೆಗೆ ಬಿದ್ದು, ಉರುಳುತ್ತಾ ಸಮುದ್ರ ಸೇರುವ ಕತೆಯನ್ನು ಮಲೆನಾಡಿನ ಮಕ್ಕಳಿಗೆ ಬರೆಯುವಾಗ ಒಂದು ವಿಷಯ ನೆನಪಿರಲಿ. ಈ ಮಕ್ಕಳು ಹೊಳೆಯನ್ನು ಕಂಡವರು. ಜುಲೈಯಲ್ಲಿ ಸಂಕದ ಕೆಳಗೆ ಕೆಂಪುನೀರು ಭೋರ್ಗರೆಯುವುದನ್ನೂ ಏಪ್ರಿಲ್‌ನಲ್ಲಿ ಅದೇ ಹಳ್ಳ ಬರಿ ಕಲ್ಲಾಗಿ ಬಿದ್ದಿರುವುದನ್ನೂ ನೋಡಿದವರು. "ಪುಟ್ಟ ಕಲ್ಲು ಅಲೆಗಳ ಮೇಲೆ ತೇಲುತ್ತಾ ಹೊರಟಿತು" ಎಂದು ಬರೆದರೆ ಏಳು ವರ್ಷದ ಹುಡುಗಿ ಅಲ್ಲೇ ತಡೆದು, "ಕಲ್ಲು ಮುಳುಗ್ತದಲ್ಲ?" ಎಂದು ಕೇಳುತ್ತಾಳೆ. ಅಲ್ಲಿಂದ ಮುಂದೆ ಕತೆಯನ್ನು ಅವಳು ನಂಬುವುದಿಲ್ಲ.

ಈ ಕತೆಯ ನಾಯಕನಿಗೆ ಮೂರು ಕಟ್ಟುಪಾಡುಗಳಿವೆ. ತಾನಾಗಿ ಅವನು ಚಲಿಸಲಾರ. ವರ್ಷದಲ್ಲಿ ಕೆಲವೇ ದಿನ, ನೆರೆ ಬಂದಾಗ ಮಾತ್ರ ಅವನ ಪಯಣ. ಹೋದಷ್ಟೂ ಅವನು ಚಿಕ್ಕವನಾಗುತ್ತಾನೆ. ಹೆಚ್ಚಿನ ಬರಹಗಾರರು ಇವನ್ನು ಅಡ್ಡಿಗಳೆಂದು ತಿಳಿದು ಕಲ್ಲಿಗೆ ಕೈಕಾಲು ಕೊಡುತ್ತಾರೆ, ಹಕ್ಕಿಯ ಕೊಕ್ಕಿನಲ್ಲಿ ಹಾರಿಸುತ್ತಾರೆ. ಹಾಗೆ ಮಾಡಬೇಡಿ. ಇವೇ ಮೂರರಿಂದ ಕತೆ ಹುಟ್ಟುತ್ತದೆ. ಆರರಿಂದ ಎಂಟು ವರ್ಷದವರಿಗೆ ಗಟ್ಟಿಯಾಗಿ ಓದಿಹೇಳಬಹುದಾದ, 24 ಪುಟದ ಒಂದು ಚಿತ್ರಕತೆಯನ್ನು ಕಟ್ಟುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಮೊದಲು ಹೊಳೆಯನ್ನು ಗೊತ್ತುಮಾಡಿ

ಕಲ್ಲಿಗೆ ಹೆಸರಿಡುವ ಮೊದಲು ಹೊಳೆಗೆ ಹೆಸರಿಡಿ. ಶಿವಮೊಗ್ಗದವರಿಗೆ ಥಟ್ಟನೆ ನೆನಪಾಗುವುದು ತುಂಗೆ ಮತ್ತು ಶರಾವತಿ. ಎರಡೂ ಈ ಕತೆಗೆ ಕಷ್ಟ.

ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ತುಂಗಭದ್ರೆಯಾಗಿ ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ದಾರಿಯಲ್ಲಿ ಗಾಜನೂರು, ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರ ಎಂದು ಅಣೆಕಟ್ಟುಗಳ ಸಾಲೇ ಇದೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ದಾರಿ ಚಿಕ್ಕದು, ನಡುವೆ 253 ಮೀಟರಿನ ಜೋಗವೂ ಇದೆ. ಆದರೆ ಜೋಗಕ್ಕಿಂತ ಮೇಲೆಯೇ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ನಿಂತಿದೆ. ಹೊಳೆ ಜಲಾಶಯಕ್ಕೆ ಸೇರುವಲ್ಲಿ ನೀರಿನ ಓಟ ನಿಲ್ಲುತ್ತದೆ. ಉರುಳಿ ಬಂದ ಕಲ್ಲೆಲ್ಲ ಅಲ್ಲೇ, ಹಿನ್ನೀರಿನ ತಲೆಯಲ್ಲೇ ಉಳಿಯುತ್ತದೆ. ನೀರು ಟರ್ಬೈನು ದಾಟಿ ಕೆಳಗಿಳಿಯುತ್ತದೆ, ಕಲ್ಲು ದಾಟುವುದಿಲ್ಲ. ಶರಾವತಿಯೇ ಬೇಕೆಂದರೆ ಅಣೆಕಟ್ಟು ಕಟ್ಟುವುದಕ್ಕೂ ಮುಂಚಿನ ಕಾಲದಲ್ಲಿ ಕತೆಯನ್ನು ಮುಗಿಸಬೇಕು, ಇಲ್ಲವೇ ಗೇರುಸೊಪ್ಪೆಯಿಂದ ಕೆಳಗೆ ಶುರುಮಾಡಬೇಕು. ಆಗ ಬೆಟ್ಟದ ನೆತ್ತಿ ಕೈತಪ್ಪುತ್ತದೆ.

ಈ ಕತೆಗೆ ಹೇಳಿ ಮಾಡಿಸಿದ್ದು ಸೀತಾನದಿ. ಆಗುಂಬೆ ಸೀಮೆಯ ನರಸಿಂಹ ಪರ್ವತದ ಕಡೆ ಇದರ ಹುಟ್ಟು. ಆ ಶಿಖರ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಕಾಡಿನೊಳಗೆ ಹರಿದು ಬರ್ಕಣದಲ್ಲಿ ಧುಮುಕಿ, ಸೋಮೇಶ್ವರದ ಅಭಯಾರಣ್ಯ ದಾಟಿ, ಹೆಬ್ರಿಯ ಕಡೆ ಬಯಲಿಗಿಳಿದು, ಬಾರ್ಕೂರನ್ನು ಹಾಯ್ದು, ಮಾಬುಕಳದ ಸೇತುವೆಯಡಿ ಸಾಗಿ, ಸುವರ್ಣಾ ನದಿಯ ಜೊತೆಗೂಡಿ ಕೋಡಿಬೇಂಗ್ರೆಯ ಅಳಿವೆಯಲ್ಲಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ದೊಡ್ಡ ಜಲಾಶಯ ಯಾವುದೂ ಇಲ್ಲ. ಕೆಳಗೆ ಕಿಂಡಿ ಅಣೆಕಟ್ಟುಗಳು ಸಿಗುತ್ತವೆ. ಮಳೆಗಾಲಕ್ಕೆ ಹಲಗೆ ತೆಗೆಯುವ ಇಂಥ ಕಟ್ಟೆಗಳನ್ನು ನೆರೆನೀರಿನ ಜೊತೆ ಸಣ್ಣ ಹರಳು, ಮರಳು ದಾಟಬಲ್ಲವು. ಹಲಗೆ ಹಾಕಿರುವ ತಿಂಗಳುಗಳಲ್ಲಿ ನಿಮ್ಮ ಕಲ್ಲು ಅದರ ಹಿಂದೆ ಕಾಯುತ್ತಾ ಕೂತಿರಲಿ.

ಬೇರೆ ಹೊಳೆಯನ್ನು ಆರಿಸಿಕೊಂಡರೂ ಇದೇ ಪರೀಕ್ಷೆ ಮಾಡಿ. ನಕಾಶೆಯಲ್ಲಿ ಹುಟ್ಟಿನಿಂದ ಅಳಿವೆಯವರೆಗೆ ಬೆರಳಾಡಿಸಿ. ನಡುವೆ ಎಲ್ಲಿಯಾದರೂ ಹೊಳೆ ಕೆರೆಯಂತೆ ಅಗಲವಾದರೆ ಕಲ್ಲಿನ ಕತೆ ಅಲ್ಲಿಗೇ ಮುಗಿಯಿತು.

ಯಾವ ಕಲ್ಲು?

ಎಲ್ಲ ಕಲ್ಲೂ ಸಮುದ್ರದ ತನಕ ಬಾಳುವುದಿಲ್ಲ. ಮಲೆನಾಡಿನ ಮಗುವಿಗೆ ಹೆಚ್ಚು ಪರಿಚಿತವಾದ ಜಂಬಿಟ್ಟಿಗೆ ಕಲ್ಲನ್ನು ನಾಯಕನಾಗಿಸಿದರೆ ಅವನು ಘಟ್ಟದ ಬುಡ ಕಾಣುವುದರೊಳಗೆ ಕೆಂಪು ರಾಡಿಯಾಗುತ್ತಾನೆ. ಮಳೆಗಾಲದ ಹೊಳೆಯ ಬಣ್ಣಕ್ಕೆ ಅಂಥ ಕೆಂಪುಮಣ್ಣೇ ಕಾರಣ. ಹಾಗಾಗಿ ಜಂಬಿಟ್ಟಿಗೆಯನ್ನು ಗೆಳೆಯನ ಪಾತ್ರಕ್ಕೆ ಇಟ್ಟುಕೊಳ್ಳಿ: ಬಹಳ ಮಾತುಗಾರ, ಬೇಗ ಕರಗಿಹೋಗುವವ.

ನಾಯಕ ಬಿಳಿ ಬೆಣಚುಕಲ್ಲಾಗಲಿ. ಘಟ್ಟದ ಕರಿಬಂಡೆಗಳ ಮೈಯಲ್ಲಿ ಬಿಳಿ ಪಟ್ಟೆಗಳು ಓಡಿರುತ್ತವಲ್ಲ, ಅದೇ ಇದು. ಸುತ್ತಲಿನ ಬಂಡೆ ಮಳೆನೀರಿಗೆ ಕೊಳೆತು ಮಣ್ಣಾದರೂ ಬೆಣಚು ಕೊಳೆಯುವುದಿಲ್ಲ. ಗಟ್ಟಿ, ಸವೆಯುವುದು ನಿಧಾನ. ಬಿಳಿಯಾಗಿರುವುದರಿಂದ ಚಿತ್ರಕಾರರಿಗೂ ಅನುಕೂಲ, ಸಾವಿರ ಕರಿಕಲ್ಲುಗಳ ನಡುವೆ ಮಗು ಅವನನ್ನು ಬೆರಳಿಟ್ಟು ತೋರಿಸುತ್ತದೆ.

ಕಲ್ಲು ಬಂಡೆಯಿಂದ ಬಿಡುವ ಬಗೆಯಲ್ಲೇ ಅನೇಕ ಕತೆಗಳು ದಾರಿತಪ್ಪುತ್ತವೆ. ಚಳಿದೇಶದ ಕತೆಗಳಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ ಬಂಡೆ ಒಡೆಯುತ್ತದೆ, ವಸಂತದಲ್ಲಿ ಹಿಮ ಕರಗಿ ಹೊಳೆ ಉಕ್ಕುತ್ತದೆ. ನಮ್ಮಲ್ಲಿ ಹಿಮವೂ ಇಲ್ಲ, ಹೆಪ್ಪುಗಟ್ಟುವ ಚಳಿಯೂ ಇಲ್ಲ. ಇಲ್ಲಿ ಬಂಡೆಯನ್ನು ಬಿಡಿಸುವುದು ಮಳೆ ಮತ್ತು ಬೇರು. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಆ ನೀರು ಬಿರುಕಿಗಿಳಿದು ಬಂಡೆಯನ್ನು ಮೆತ್ತಗೆ ಮಾಡುತ್ತದೆ, ಮರದ ಬೇರು ಅದರೊಳಗೆ ತೂರಿ ದಪ್ಪವಾಗುತ್ತದೆ, ಕೊನೆಗೊಂದು ಜಡಿಮಳೆಯಲ್ಲಿ ಗುಡ್ಡ ಜರಿದು ಮಣ್ಣು, ಮರ, ಕಲ್ಲು ಎಲ್ಲ ಹಳ್ಳಕ್ಕೆ ಬರುತ್ತವೆ. ಮೊದಲ ಎರಡು ಪುಟ ಹೀಗೆ ಬರಬಹುದು:

> ಗುಡ್ಡದ ನೆತ್ತಿ. ಅಲ್ಲೊಂದು ಕರಿಬಂಡೆ. ಬಂಡೆಯ ಮೈಗೆ ಒಂದು ಬಿಳಿ ಪಟ್ಟೆ. ಆ ಪಟ್ಟೆಯೊಳಗೆ ಚೂಪ ಮಲಗಿದ್ದ.
> ನೇರಳೆ ಮರದ ಬೇರು ಬಂತು. "ಸ್ವಲ್ಪ ಸರಿ ಮಾರಾಯ" ಅಂತು.
> "ಎಲ್ಲಿಗೆ ಸರಿಯಲಿ? ನಂಗೆ ಕಾಲಿಲ್ಲ" ಅಂದ ಚೂಪ.
> "ಹಾಗಾದ್ರೆ ನಾನೇ ಸರಿಸ್ತೀನಿ" ಅಂತು ಬೇರು.
> ಒಂದು ಮಳೆಗಾಲ ಸರಿಸಿತು. ಇನ್ನೊಂದು ಮಳೆಗಾಲ ಸರಿಸಿತು. ಮರಕ್ಕೆ ವಯಸ್ಸಾಯಿತು. ಬಿರುಕು ಅಂಗೈ ಅಗಲ ಆಯಿತು.

"ನಂಗೆ ಕಾಲಿಲ್ಲ" ಎಂಬ ಮಾತು ಮೊದಲ ಪುಟದಲ್ಲೇ ಬರಬೇಕು. ಕತೆಯ ಇಡೀ ಕಟ್ಟಳೆ ಅದು. ಕಲ್ಲು ಮಾತಾಡಬಹುದು, ಕೇಳಿಸಿಕೊಳ್ಳಬಹುದು, ಹೆದರಬಹುದು. ಚಲಿಸುವ ತೀರ್ಮಾನ ಮಾತ್ರ ಅವನದಲ್ಲ. ಒಮ್ಮೆ ಈ ಕಟ್ಟಳೆ ಮುರಿದರೆ, "ಆವಾಗ ಯಾಕೆ ಹಾರ್ಲಿಲ್ಲ?" ಎಂಬ ಪ್ರಶ್ನೆ ಪ್ರತಿ ಪುಟದಲ್ಲೂ ಬರುತ್ತದೆ.

ಕಲ್ಲು ಹೇಗೆ ಚಲಿಸುತ್ತದೆ: ಅಡಿಕೆ ದೋಣಿಯಲ್ಲಿ ನೋಡಿ

ಬರೆಯಲು ಕೂರುವ ಮೊದಲು ಒಂದು ಸಂಜೆಯನ್ನು ಇದಕ್ಕೆ ಕೊಡಿ. ತೋಟಕ್ಕೆ ನೀರು ಹಾಯಿಸಲು ಅಡಿಕೆ ಮರ ಸೀಳಿ, ತಿರುಳು ತೆಗೆದು ಮಾಡುವ ಆರೇಳು ಅಡಿ ಉದ್ದದ ದೋಣಿ ಸಾಕು. ಸಿಗದಿದ್ದರೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪೂ ಆಗುತ್ತದೆ. ಒಳಗೆ ಒಂದು ಬೆರಳು ದಪ್ಪ ಮರಳು ಹರಡಿ. ಮೇಲ್ತುದಿಯಲ್ಲಿ ಒಂದು ಹಿಡಿ ನುಣುಪು ಮರಳು, ಅಡಿಕೆ ಗಾತ್ರದ ನಾಲ್ಕು ಹರಳು, ನಿಂಬೆ ಗಾತ್ರದ ಒಂದು ಕಲ್ಲು ಇಡಿ. ದೋಣಿಯನ್ನು ಸ್ವಲ್ಪವೇ ಓರೆಮಾಡಿ ಚೊಂಬಿನಿಂದ ನೀರು ಹೊಯ್ಯಿರಿ. ಆಮೇಲೆ ಬಕೆಟ್ಟಿನಿಂದ ಹೊಯ್ಯಿರಿ. ಆಮೇಲೆ ಇನ್ನಷ್ಟು ಓರೆಮಾಡಿ ಹೊಯ್ಯಿರಿ.

ಮೊದಲ ಚೊಂಬಿಗೆ ಮರಳು ಹೊರಡುತ್ತದೆ, ಹರಳು ಕದಲುವುದಿಲ್ಲ. ಬಕೆಟ್ಟಿಗೆ ಹರಳು ಅಲುಗಾಡುತ್ತದೆ, ಒಂದು ಸುತ್ತು ಉರುಳುತ್ತದೆ, ಮುಂದಿನ ಹರಳಿಗೆ ತಾಗಿ ನಿಲ್ಲುತ್ತದೆ. ದೊಡ್ಡ ಕಲ್ಲು ಹೋಗುವ ಮೊದಲು ಅದರ ಅಡಿಯ ಮರಳು ಕೊಚ್ಚಿಹೋಗಿ, ಕಲ್ಲು ಅಲ್ಲೇ ಕುಸಿದು, ಓರೆಯಾಗಿ, ಆಮೇಲೆ ಒಮ್ಮೆಲೇ ಮಗುಚುತ್ತದೆ. ನೀರು ನಿಂತ ಕೂಡಲೇ ದೊಡ್ಡದು ಮೊದಲು ನಿಲ್ಲುತ್ತದೆ, ಸಣ್ಣದು ಆಮೇಲೆ, ರಾಡಿ ಕೊನೆಗೆ. ನಿಮ್ಮ ಕತೆಗೆ ಬೇಕಾದ ಕ್ರಿಯಾಪದಗಳೆಲ್ಲ ಇಲ್ಲಿವೆ: ಅಲುಗಿತು, ಕುಸಿಯಿತು, ಮಗುಚಿತು, ಉರುಳಿತು, ಜಾರಿತು, ತಾಗಿತು, ಸಿಕ್ಕಿಕೊಂಡಿತು. "ತೇಲಿತು" ಎಂಬುದಕ್ಕೆ ಇಲ್ಲಿ ಜಾಗವಿಲ್ಲ. "ಈಜಿತು" ಎಂಬುದಕ್ಕೂ ಇಲ್ಲ.

ನಿಜವಾದ ಹೊಳೆಯಲ್ಲೂ ಲೆಕ್ಕ ಇದೇ. ಮರಳು ಕದಲಲು ನೀರು ಸೆಕೆಂಡಿಗೆ ಕಾಲು ಮೀಟರ್ ಹರಿದರೂ ಸಾಕು. ನಿಂಬೆ ಗಾತ್ರದ ಕಲ್ಲನ್ನು ಎಬ್ಬಿಸಲು ಎರಡು ಮೀಟರಿಗಿಂತ ಹೆಚ್ಚಿನ ವೇಗ ಬೇಕು. ಅಂಥ ವೇಗ ಬರುವುದು ಜೋರು ನೆರೆಯ ದಿನಗಳಲ್ಲಿ. ಮೇಲಿನ ನೀರು ಹೋದಷ್ಟು ವೇಗವಾಗಿ ತಳದ ಕಲ್ಲು ಹೋಗುವುದೂ ಇಲ್ಲ. ಬಿದ್ದ ಎಲೆಯೊಂದು ಒಂದೆರಡು ದಿನದಲ್ಲಿ ಅಳಿವೆ ಕಾಣಬಹುದಾದರೆ, ಅದರಡಿಯ ಕಲ್ಲು ಮುಂದಿನ ತಿರುವಿನವರೆಗೆ ಹೋದರೆ ಹೆಚ್ಚು.

ಇನ್ನೂ ನಿಖರವಾಗಿ ತಿಳಿಯಬೇಕೆನ್ನುವವರು ಬೇಸಿಗೆಯಲ್ಲಿ ಊರಿನ ಹಳ್ಳದ ಹತ್ತು ಕಲ್ಲುಗಳಿಗೆ ಬಣ್ಣ ಬಳಿದು, ಸಂಖ್ಯೆ ಬರೆದು, ದಡದ ಒಂದು ಮರದ ನೇರಕ್ಕೆ ಸಾಲಾಗಿ ಇಡಲಿ. ದೀಪಾವಳಿ ಕಳೆದು ನೀರು ತಗ್ಗಿದ ಮೇಲೆ ಹುಡುಕಲಿ. ನದಿಯ ಕಲ್ಲುಗಳನ್ನು ಅಧ್ಯಯನ ಮಾಡುವವರೂ ಬಳಸುವ ವಿಧಾನ ಇದು. ಕೆಲವು ಇದ್ದಲ್ಲೇ ಇರುತ್ತವೆ, ಕೆಲವು ಒಂದಷ್ಟು ದೂರ ಹೋಗಿರುತ್ತವೆ, ಕೆಲವು ಹರಳಿನಡಿ ಹೂತು ಸಿಗುವುದೇ ಇಲ್ಲ. ಆ ಸಿಗದ ಕಲ್ಲಿನಿಂದಲೂ ಒಂದು ಪುಟ ಹುಟ್ಟುತ್ತದೆ: ಚೂಪ ಕತ್ತಲಲ್ಲಿ ಹೂತುಹೋಗಿ, ಮೇಲೆ ಯಾರು ನಡೆದರು ಎಂದು ಸದ್ದಿನಿಂದಲೇ ಗುರುತಿಸುವ ಪುಟ.

ಮಳೆ ನಕ್ಷತ್ರಗಳೇ ಅಧ್ಯಾಯಗಳು

ಕಲ್ಲು ಚಲಿಸುವುದು ಮಳೆಯಲ್ಲಿ ಮಾತ್ರ ಎಂದಮೇಲೆ ಕತೆಯ ಪಂಚಾಂಗವನ್ನು ಮಲೆನಾಡಿನ ಅಜ್ಜಿಯರೇ ಕೊಟ್ಟಿದ್ದಾರೆ. ಜೂನ್ ಕೊನೆಯ ಆರಿದ್ರೆಯಲ್ಲಿ ಹಳ್ಳಕ್ಕೆ ಜೀವ ಬರುತ್ತದೆ. ಜುಲೈಯ ಪುನರ್ವಸು, ಪುಷ್ಯ ಮಳೆಗಳಲ್ಲಿ ನೆರೆ. ಆಗಸ್ಟ್ ಮೊದಲ ಭಾಗದ ಆಶ್ಲೇಷಾ ಮಳೆಗೂ ನೆರೆಯ ಬಲವಿರುತ್ತದೆ. ಮಘೆಯ ಹೊತ್ತಿಗೆ ಬಿಸಿಲು ಇಣುಕುತ್ತದೆ. ಚೂಪ ಹೊರಡುವ ಪುಟಗಳನ್ನೆಲ್ಲ ಪುನರ್ವಸುವಿನಿಂದ ಆಶ್ಲೇಷೆಯೊಳಗೆ ಇಡಿ. ಮಿಕ್ಕ ಪುಟಗಳಲ್ಲಿ ಅವನು ಕಾಯಲಿ.

ಕಾಯುವ ಪುಟ ಬೇಸರ ತರುತ್ತದೆ ಎಂಬ ಹೆದರಿಕೆ ಬೇಡ. ಕಲ್ಲು ನಿಂತಾಗಲೇ ಉಳಿದವರು ಬರುತ್ತಾರೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕುಣಿಯುವ ಕಪ್ಪೆಗಳಿವೆ. ಮಳೆಯ ಅಬ್ಬರ ಇಳಿದ ಮೇಲೆ ಗಂಡುಕಪ್ಪೆ ಕಲ್ಲಿನ ಮೇಲೆ ಕೂತು ಹಿಂಗಾಲನ್ನು ಒಂದೊಂದಾಗಿ ಚಾಚಿ ಬೀಸುತ್ತದೆ. ನೀರಿನ ಸದ್ದಿನಲ್ಲಿ ಕೂಗು ಕೇಳದೆಹೋದರೂ ಆ ಸನ್ನೆ ಕಾಣುತ್ತದೆ. ಹೆಣ್ಣು ಹರಳಿನಲ್ಲಿ ಕುಣಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಅಲ್ಲಿಗೆ ಚೂಪನಿಗೊಂದು ಕೆಲಸ ಸಿಕ್ಕಿತು, ಕಪ್ಪೆಯ ಮೊಟ್ಟೆಗೆ ಚಾವಣಿಯಾಗುವುದು. ಅವನು ಕದಲದೆ ಇರುವುದೇ ಈ ಪುಟದ ಸಾಹಸ. ಇನ್ನೊಂದು ಪುಟಕ್ಕೆ, ರೇಷ್ಮೆಯಂಥ ಎಳೆಯಿಂದ ಮರಳಿನ ಕಣಗಳನ್ನು ಅಂಟಿಸಿ ಮೈಸುತ್ತ ಗೂಡು ಕಟ್ಟಿಕೊಳ್ಳುವ ಹುಳು ಸಿಗುತ್ತದೆ. ಹಳ್ಳದ ಕಲ್ಲು ಎತ್ತಿ ಅಡಿಭಾಗ ನೋಡಿದ ಮಕ್ಕಳಿಗೆ ಈ ಕೊಳವೆಗೂಡು ಗೊತ್ತಿರುತ್ತದೆ. ಏಡಿ ಇದ್ದೇ ಇದೆ. ಕೆಳಗೆ ಬಂದಂತೆ ನೀರುನಾಯಿ.

ಆದರೆ ಹತ್ತು ಪ್ರಾಣಿಗಳನ್ನು ತುಂಬಬೇಡಿ. ಒಂದು ತಾಣಕ್ಕೆ ಒಂದು ಜೀವ. ಅದು ಚೂಪನನ್ನು ಯಾವುದಕ್ಕೋ ಬಳಸಿಕೊಳ್ಳಬೇಕು: ಕೂರಲು, ಅಡಗಲು, ಮೊಟ್ಟೆ ಮುಚ್ಚಲು. ಬರೀ ನಮಸ್ಕಾರ ಹೇಳಿ ಹೋಗುವ ಪ್ರಾಣಿಯನ್ನು ಕತೆಯಿಂದ ತೆಗೆದುಹಾಕಿ.

ಮನುಷ್ಯರ ಮಗುವೊಂದು ಬರುವುದಾದರೆ ಎಚ್ಚರ ಬೇಕು. ತೋಟದ ಬದಿಯ ಹೊಳೆಯಲ್ಲಿ ಹುಡುಗಿಯೊಬ್ಬಳು ಚೂಪನನ್ನು ಹೆಕ್ಕಿ ಕಲ್ಲಾಟ ಆಡಬಹುದು. ಆಡಿ ಮುಗಿಸಿ ಹೆಕ್ಕಿದಲ್ಲೇ ಬಿಟ್ಟುಹೋಗಲಿ. ಕಿಸೆಗೆ ಹಾಕಿಕೊಂಡು ಬಸ್ಸಿನಲ್ಲಿ ಸಮುದ್ರತೀರಕ್ಕೆ ಒಯ್ದರೆ ಅದು ಹೊಳೆಯ ಕತೆಯಾಗುವುದಿಲ್ಲ.

ಬರ್ಕಣದ ಪುಟ

ಇಡೀ ಪುಸ್ತಕದಲ್ಲಿ ಚಿತ್ರಕಾರರು ಕಾಯುತ್ತಿರುವ ಪುಟ ಇದು, ಬರಹಗಾರರು ಹೆಚ್ಚು ಎಡವುವುದೂ ಇಲ್ಲೇ. ಸಾಮಾನ್ಯವಾಗಿ ಕಲ್ಲು "ವ್ಹೀ" ಎಂದು ಹಾರಿ, ಕೆಳಗೆ "ಬುಳುಕ್" ಎಂದು ಬಿದ್ದು, ನಗುತ್ತಾ ಮುಂದೆ ಹೋಗುತ್ತದೆ. ನಿಜದಲ್ಲಿ ಎರಡು ಸಂಗತಿ ಆಗುತ್ತವೆ. ಬಂಡೆಗೆ ಬಡಿದ ಕಲ್ಲು ಒಡೆಯುತ್ತದೆ. ಒಡೆದು ಉಳಿದದ್ದು ಅಡಿಯ ಮಡುವಿನಿಂದ ಬೇಗ ಹೊರಬರುವುದಿಲ್ಲ.

ತೆಂಗಿನಕಾಯಿ ಗಾತ್ರದ ಚೂಪ ನಿಂಬೆಹಣ್ಣಿನಷ್ಟಾಗಲು ಸರಿಯಾದ ಜಾಗ ಇದೇ. ಒಡೆದ ಉಳಿದ ಚೂರುಗಳು ಚೂಪನ ತಮ್ಮಂದಿರಾಗಲಿ. ಆಮೇಲೆ ಮಡುವಿನ ಪುಟ. ಬಂಡೆಯ ತಗ್ಗಿನಲ್ಲಿ ಸುಳಿ ಎದ್ದಾಗ ಅಲ್ಲಿ ಸಿಕ್ಕಿಬಿದ್ದ ಕಲ್ಲುಗಳು ಗಿರಗಿರನೆ ಸುತ್ತಿ ತಗ್ಗನ್ನು ದುಂಡನೆಯ ಗುಂಡಿಯಾಗಿ ಕೊರೆಯುತ್ತವೆ. ಬೇಸಿಗೆಯಲ್ಲಿ ಹೊಳೆಬಂಡೆಗಳ ಮೇಲೆ ಕಾಣುವ ಒರಳಿನಂಥ ಗುಂಡಿಗಳು ಹೀಗೆ ಆದವು. ತಳದಲ್ಲಿ ಈಗಲೂ ನುಣುಪಾದ ಕಲ್ಲುಗಳು ಕೂತಿರುತ್ತವೆ. ಚೂಪನ ಚೂಪು ಹೋಗುವುದು ಇಲ್ಲೇ.

> ಗಿರ್ರ್... ಗರ್ರ್... ಗಿರ್ರ್... ಗರ್ರ್...
> "ನನ್ನ ಮೂಲೆ ಎಲ್ಲಿ?" ಕೇಳಿದ ಚೂಪ.
> "ಮುಂದೆ ಹೋಯ್ತು" ಅಂತು ಏಡಿ.
> "ಎಲ್ಲಿಗೆ?"
> "ನೀರು ಎಲ್ಲಿಗೆ ಹೋಗ್ತದೋ ಅಲ್ಲಿಗೆ. ನೀನೂ ಹೋಗ್ತೀಯ, ತಡಿ. ಈಗ ನಿನ್ನನ್ನ ಚೂಪ ಅನ್ನೋದು ಹೇಗೆ ಮಾರಾಯ? ಇವತ್ತಿಂದ ನೀನು ಗುಂಡ."

ಸವೆತ ಎಷ್ಟು ನಿಧಾನ ಎಂಬುದು ಬರೆಯುವವರ ಕೈಗೆ ಗೊತ್ತಾಗಬೇಕು. ಎರಡು ಪ್ಲಾಸ್ಟಿಕ್ ಜಾಡಿ ತೆಗೆದುಕೊಳ್ಳಿ. ಒಂದಕ್ಕೆ ಹತ್ತು ಜಂಬಿಟ್ಟಿಗೆ ಚೂರು, ಇನ್ನೊಂದಕ್ಕೆ ಹತ್ತು ಬೆಣಚು ಚೂರು, ಎರಡಕ್ಕೂ ಅರ್ಧ ನೀರು. ಮುಚ್ಚಳ ಬಿಗಿದು ಐನೂರು ಸಲ ಕುಲುಕಿ. ಜಂಬಿಟ್ಟಿಗೆಯ ನೀರು ಕೆಂಪಾಗಿ, ಮೂಲೆಗಳು ಹೋಗಿರುತ್ತವೆ. ಬೆಣಚಿನಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಸೂಕ್ಷ್ಮವಾಗಿ ಬೆರಳಾಡಿಸಿದರೆ ತೀರ ಹರಿತವಾದ ಅಂಚು ಮೊಂಡಾದದ್ದು ತಿಳಿದೀತು. ಇಷ್ಟಾದ ಮೇಲೆ "ಒಂದೇ ರಾತ್ರಿಯಲ್ಲಿ ನುಣುಪಾದ" ಎಂದು ಬರೆಯಲು ನಿಮಗೆ ಮನಸ್ಸಾಗುವುದಿಲ್ಲ.

ಸಾವಿರಾರು ವರ್ಷಗಳನ್ನು ಹೇಳುವ ಬಗೆ

ಗುಡ್ಡದ ನೆತ್ತಿಯಿಂದ ಅಳಿವೆಗೆ ಬರಲು ಬೆಣಚಿಗೆ ಸಾವಿರಾರು ವರ್ಷ ಬೇಕು. ಎಂಟು ವರ್ಷದ ಮಗುವಿಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ದಡದಲ್ಲಿ ಆಗುವ ಬದಲಾವಣೆ ಹೇಳುತ್ತದೆ. ನೆತ್ತಿಯ ಪುಟಗಳಲ್ಲಿ ಮನುಷ್ಯರೇ ಇಲ್ಲ, ಬರೀ ಕಾಡು, ಸಿಂಗಳೀಕ. ಘಟ್ಟದ ಬುಡದಲ್ಲಿ ಮೊದಲ ಗದ್ದೆ, ಮೊದಲ ಮರದ ಸಂಕ. ಬಾರ್ಕೂರಿನ ಪುಟದಲ್ಲಿ ಕೋಟೆ, ದೋಣಿ, ಪೇಟೆ. ಅಳುಪ ಅರಸರ ರಾಜಧಾನಿಯಾಗಿದ್ದ ಊರದು, ಚಿತ್ರಕ್ಕೆ ಬೇಕಾದಷ್ಟು ಸರಕು ಅಲ್ಲಿದೆ. ಮಾಬುಕಳಕ್ಕೆ ಬರುವಾಗ ಸೇತುವೆ, ಅದರ ಮೇಲೆ ಬಸ್ಸು. ಕಲ್ಲು ಕೆಳಗಿಳಿದಂತೆ ಕಾಲ ಮುಂದೆ ಬರುತ್ತದೆ. ಬರಹದಲ್ಲಿ ಒಂದು ವರ್ಷವನ್ನೂ ನಮೂದಿಸಬೇಕಿಲ್ಲ. ಎರಡು ತಾಣಗಳ ನಡುವೆ "ಮಳೆ ಬಂತು, ಮಳೆ ಹೋಯ್ತು. ಮಳೆ ಬಂತು, ಮಳೆ ಹೋಯ್ತು" ಎಂಬ ಪಲ್ಲವಿ ಇರಲಿ. ಎರಡನೆಯ ಸಲಕ್ಕೇ ಮಕ್ಕಳು ಅದನ್ನು ನಿಮ್ಮ ಜೊತೆ ಹೇಳತೊಡಗುತ್ತಾರೆ.

ಇಲ್ಲೊಂದು ತೊಡಕು ಬರುತ್ತದೆ. ಕಾಲ ಹೀಗೆ ಉರುಳಿದರೆ ಮೊದಲ ಪುಟದ ಏಡಿ ಕೊನೆಯ ಪುಟದಲ್ಲಿ ಇರುವಂತಿಲ್ಲ. ಹಾಗಾಗಿ ಜೊತೆಗಾರರನ್ನು ಬದಲಿಸುತ್ತಾ ಹೋಗಿ. ಕಪ್ಪೆ ಮತ್ತೆ ಬಂದರೆ ಅದು "ಆ ಕಪ್ಪೆಯ ಮರಿಯ ಮರಿಯ ಮರಿ" ಆಗಿರಲಿ. ಮಕ್ಕಳಿಗೆ ಇದು ತುಂಬ ಇಷ್ಟ.

ಸಮುದ್ರಕ್ಕೆ ಸೇರುವುದು ಯಾರು?

ಘಟ್ಟದ ಬುಡದಿಂದ ಮುಂದೆ ಇಳಿಜಾರು ಕಡಿಮೆಯಾಗುತ್ತದೆ, ನೀರಿನ ಬಲವೂ ತಗ್ಗುತ್ತದೆ. ದೊಡ್ಡ ಬಂಡೆ ಘಟ್ಟದಲ್ಲೇ ಉಳಿಯಿತು, ಗುಂಡುಕಲ್ಲು ಬುಡದಲ್ಲಿ, ಹರಳು ಹೊಳೆ ತಿರುವಿನ ಒಳದಂಡೆಯಲ್ಲಿ. ಕೆಳಗೆ ಹೊಳೆಯ ನಡುಗಡ್ಡೆಗಳಾದ ಕುದುರುಗಳ ನಡುವೆ ಬರುವಾಗ ತಳವೆಲ್ಲ ಮರಳು ಮತ್ತು ಕೆಸರು. ಭರತದ ಹೊತ್ತಿಗೆ ಉಪ್ಪುನೀರು ಒಳಗೆ ನುಗ್ಗಿ ಹೊಳೆಯನ್ನೇ ಹಿಂದಕ್ಕೆ ತಳ್ಳುತ್ತದೆ. ನಿಂಬೆ ಗಾತ್ರದ ಗುಂಡ ಇಲ್ಲಿಯವರೆಗೆ ಉರುಳಿ ಬರಲಾರ. ಬಂದರೆ ಮರಳಾಗಿಯೇ ಬರಬೇಕು.

ಮಕ್ಕಳ ಕತೆಯ ನಾಯಕ ಕೊನೆಯಲ್ಲಿ ಪುಡಿಯಾಗುತ್ತಾನೆ ಎಂಬುದು ಹಿರಿಯರಿಗೆ ಅಳುಕು ತರುತ್ತದೆ. ಅದನ್ನು ತಪ್ಪಿಸಲು ಇಡೀ ಕಲ್ಲನ್ನು ಅಲೆಗೆ ತಂದು ಹಾಕುತ್ತಾರೆ. ಅಷ್ಟು ಕಷ್ಟಪಡಬೇಕಿಲ್ಲ, ಏಕೆಂದರೆ ಹೊಳೆಯೇ ಇದಕ್ಕೆ ಒಳ್ಳೆಯ ದಾರಿ ಇಟ್ಟಿದೆ. ಸಣ್ಣ ಕಣ ದೊಡ್ಡ ಕಲ್ಲಿಗಿಂತ ಬೇಗ ಹೋಗುತ್ತದೆ. ಬರ್ಕಣದಲ್ಲಿ ಉದುರಿದ ಮೂಲೆ, ಮಡುವಿನಲ್ಲಿ ಸವೆದ ಪುಡಿ, ಇವೆಲ್ಲ ಗುಂಡನಿಗಿಂತ ಎಷ್ಟೋ ಮೊದಲೇ ಹೊರಟುಹೋಗಿವೆ. ಅಂದರೆ ಗುಂಡ ಇನ್ನೂ ಹೆಬ್ರಿಯಲ್ಲಿ ಕಾಯುತ್ತಿರುವಾಗಲೇ ಅವನ ಒಂದು ಭಾಗ ಸಮುದ್ರ ನೋಡಿರುತ್ತದೆ.

ಇದನ್ನು ಕೊನೆಯ ಪುಟಕ್ಕೆ ತಂದಿಟ್ಟರೆ ದಿಢೀರನೆ ಬಂದ ಸಮಾಧಾನದಂತೆ ಕಾಣುತ್ತದೆ, ಹಾಗಾಗಿ ಮೊದಲಿನಿಂದಲೇ ಬಿತ್ತುತ್ತಾ ಬನ್ನಿ. ಪ್ರತಿ ಬಡಿತಕ್ಕೂ ಒಂದು ಚೂರು, "ನಾ ಮುಂದೆ ಹೋಗಿರ್ತೀನಿ, ನೀ ಬಾ" ಎಂದು ಹೇಳಿ ಹೋಗಲಿ. ಹುಳು ಗೂಡು ಕಟ್ಟಲು ಬಳಸಿದ ಕಣ ಚೂಪನದೇ ಚೂರಾಗಿರಲಿ. ಅಳಿವೆಯಲ್ಲಿ ಅವರೆಲ್ಲ ಸಿಗಲಿ.

> "ಬಂದ್ಯಾ?" ಕೇಳಿತು ಒಂದು ಬಿಳಿ ಮರಳ ಕಣ.
> "ನೀ ಯಾರು?"
> "ನಿನ್ನ ಮೂಲೆ! ಬರ್ಕಣದಲ್ಲಿ ಬಿಟ್ಟುಬಂದ್ಯಲ್ಲ."
> "ನಾನು ಪೇಟೆ ದಡದಲ್ಲಿ ಉದುರಿದವ" ಅಂತು ಇನ್ನೊಂದು.
> "ನಾನು ಹುಳದ ಮನೆ ಗೋಡೆ!" ಅಂತು ಮತ್ತೊಂದು.

ಬೇಂಗ್ರೆಯ ಬಿಳಿ ಮರಳು, ಸಾಲಾಗಿ ನಿಂತ ದೋಣಿ, ಕೆಸರಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡ. ಈ ಪುಟದ ಚಿತ್ರಕ್ಕೆ ಇಷ್ಟು ಸಾಕು. ಹೊಳೆಯ ಮರಳನ್ನು ಲಾರಿಗೆ ತುಂಬಿ ಮನೆ ಕಟ್ಟಲು ಒಯ್ಯುವುದೂ ಉಂಟು. ಹತ್ತು ದಾಟಿದ ಮಕ್ಕಳಿಗೆ ಬರೆಯುವುದಾದರೆ ಒಬ್ಬ ತಮ್ಮ ಗೋಡೆಯೊಂದರಲ್ಲಿ ಸಿಕ್ಕಿಕೊಂಡ ಸುದ್ದಿಯನ್ನೂ ಇಲ್ಲಿ ತರಬಹುದು.

ಪುಟ ಹಂಚಿಕೆ ಮತ್ತು ಭಾಷೆ

ಅಚ್ಚಿನ ಹಾಳೆ ಮಡಚುವ ಲೆಕ್ಕದಲ್ಲಿ ಚಿತ್ರಪುಸ್ತಕಗಳು 16, 24, 32 ಪುಟಗಳಲ್ಲಿ ಬರುತ್ತವೆ. 24ರಲ್ಲಿ ಶೀರ್ಷಿಕೆ, ಮುದ್ರಣ ವಿವರಗಳಿಗೆ ನಾಲ್ಕು ಪುಟ ಹೋದರೆ ಕತೆಗೆ ಎದುರುಬದುರಿನ ಹತ್ತು ಜೋಡಿ ಉಳಿಯುತ್ತವೆ. ಅವನ್ನು ಸಮನಾಗಿ ಹಂಚಬೇಡಿ. ಘಟ್ಟಕ್ಕೆ ಆರು ಜೋಡಿ ಕೊಡಿ: ಬಂಡೆ, ಗುಡ್ಡ ಜರಿದದ್ದು, ಮೊದಲ ಉರುಳು, ಕಪ್ಪೆ, ಬರ್ಕಣ, ಮಡು. ಘಟ್ಟದ ಬುಡ ಮತ್ತು ತೋಟಕ್ಕೆ ಎರಡು, ಬಾರ್ಕೂರಿನಿಂದ ಮಾಬುಕಳಕ್ಕೆ ಒಂದು, ಅಳಿವೆಗೆ ಒಂದು. ಬಯಲಿನಲ್ಲಿ ಹೊಳೆ ನಿಧಾನವಾದರೂ ಕತೆ ಅಲ್ಲಿ ಬೇಗ ಸಾಗಬೇಕು.

ಒಂದು ಜೋಡಿ ಪುಟಕ್ಕೆ 40ರಿಂದ 60 ಪದ. ವಾಕ್ಯ ಆರೇಳು ಪದ ದಾಟದಿರಲಿ. ಬರ್ಕಣದ ಪುಟದಲ್ಲಿ ಹತ್ತು ಪದವಿದ್ದರೂ ನಡೆಯುತ್ತದೆ. ನಿರೂಪಣೆ ಸರಳ ಬರಹಗನ್ನಡದಲ್ಲಿರಲಿ, ಮಾತು ಊರಿನ ಆಡುಮಾತಿನಲ್ಲಿರಲಿ. "ಸವೆತ", "ನಿಕ್ಷೇಪ" ಮೊದಲಾದ ಪಾಠಪುಸ್ತಕದ ಪದ ಒಂದೂ ಬೇಡ, "ಮೂಲೆ ಹೋಯ್ತು", "ಮರಳು ಕೂತಿತು" ಎಂದರೆ ಸಾಕು. ಚಿತ್ರಕಾರರಿಗೆ ಪ್ರತ್ಯೇಕ ಟಿಪ್ಪಣಿ ಬರೆದು ಪ್ರತಿ ಪುಟದಲ್ಲಿ ಕಲ್ಲಿನ ಗಾತ್ರ, ಆಕಾರ, ನೀರಿನ ಬಣ್ಣ ಮೂರನ್ನೂ ತಿಳಿಸಿ: ಆರಿದ್ರೆಯಲ್ಲಿ ಕೆಂಪು, ಮಘೆಯ ನಂತರ ತಿಳಿ, ಅಳಿವೆಯಲ್ಲಿ ಬೂದು. ಹೇಳದಿದ್ದರೆ ಎಲ್ಲ ಪುಟದಲ್ಲೂ ನೀಲಿ ನೀರು ಬರುತ್ತದೆ.

ಓದಿ ನೋಡುವುದು

ಕರಡು ಮುಗಿದ ಮೇಲೆ ಚಿತ್ರವಿಲ್ಲದೆ ಐದಾರು ಮಕ್ಕಳಿಗೆ ಓದಿಹೇಳಿ. ಮೆಚ್ಚಿದರೇ ಎಂದು ಕೇಳಬೇಡಿ, "ಕಲ್ಲು ಈಗ ಎಷ್ಟು ದೊಡ್ಡ ಇದೆ? ಕೈಯಲ್ಲಿ ತೋರಿಸಿ" ಎಂದು ಕೇಳಿ. ಬರ್ಕಣಕ್ಕೆ ಮುಂಚೆ ಒಮ್ಮೆ, ಮಡುವಿನ ನಂತರ ಒಮ್ಮೆ, ಬಾರ್ಕೂರಿನಲ್ಲಿ ಒಮ್ಮೆ. ಕೈಯಳತೆ ಕುಗ್ಗುತ್ತಾ ಬಂದರೆ ಕತೆ ಸರಿಯಿದೆ. ಬಾರ್ಕೂರಿನಲ್ಲೂ ತೆಂಗಿನಕಾಯಿಯಷ್ಟೇ ತೋರಿಸಿದರೆ ಸವೆಯುವ ವಾಕ್ಯಗಳು ತೀರ ಮೆಲ್ಲಗಿವೆ ಎಂದರ್ಥ, ಅಲ್ಲಿ ಒಂದೆರಡು ಬಡಿತ, ಒಂದೆರಡು ಚೂರು ಸೇರಿಸಬೇಕು. ಇನ್ನೊಂದು ಪ್ರಶ್ನೆ: "ಈಗ ಗುಂಡ ಯಾಕೆ ಹೋಗ್ತಿಲ್ಲ?" ಇದಕ್ಕೆ "ನೀರು ಕಮ್ಮಿ ಆಗಿದೆ" ಎಂಬ ಉತ್ತರ ಬರಬೇಕು. "ಅವನಿಗೆ ಬೇಜಾರಾಗಿದೆ" ಎಂದು ಬಂದರೆ ಮಗು ಕಲ್ಲಿಗೆ ಕಾಲಿದೆ ಎಂದುಕೊಂಡಿದೆ. ಆಗ ಆ ಪುಟದ ಮೊದಲ ವಾಕ್ಯದಲ್ಲೇ ಯಾವ ಮಳೆ ನಡೆಯುತ್ತಿದೆ, ನೀರು ಎಲ್ಲಿಯವರೆಗೆ ಇದೆ ಎಂಬುದನ್ನು ಬರೆದು ಮತ್ತೆ ಓದಿಹೇಳಿ.